ಅನುದಾನ ಎಂಬ ಪದದೊಳಗಿನ ದಾನ

ಫೆಬ್ರವರಿ, ಮಾರ್ಚ್ ಬಂತೆಂದರೆ ನಮ್ಮ ಪುರಸಭೆ, ಪಟ್ಟಣ ಪಂಚಾಯಿತಿಗಳ ಬಜೆಟ್ ಸುದ್ದಿ ಜಿಲ್ಲಾ ಪುಟಗಳಲ್ಲಿ ಬರತೊಡಗುತ್ತದೆ. ಸುದ್ದಿಯ ಕೊನೆಯಲ್ಲಿ ಒಂದು ಮಾತು ತಪ್ಪದೆ ಇರುತ್ತದೆ. ಯಾರೋ ಒಬ್ಬ ಅಧಿಕಾರಿ ಅಥವಾ ಜನಪ್ರತಿನಿಧಿ ಎದ್ದು, ಸರ್ಕಾರದ ಅನುದಾನವನ್ನೇ ನೆಚ್ಚಿಕೊಂಡು ಕೂತರೆ ಆಗದು, ಸ್ವಂತ ಆದಾಯ ಹೆಚ್ಚಿಸಿಕೊಳ್ಳಬೇಕು ಎಂದು ಬುದ್ಧಿ ಹೇಳಿರುತ್ತಾರೆ. ಸಭೆ ತಲೆಯಾಡಿಸುತ್ತದೆ. ಓದುವ ನಾವೂ ತಲೆಯಾಡಿಸುತ್ತೇವೆ. ದುಡಿಯುವ ವಯಸ್ಸಿನ ಮಗ ಅಪ್ಪನ ಕಿಸೆಗೆ ಕೈ ಹಾಕುತ್ತಿದ್ದಾನೆ ಎಂಬಂತಹ ಒಂದು ಚಿತ್ರ ನಮ್ಮ ಕಣ್ಣ ಮುಂದೆ ಬಂದು ಹೋಗುತ್ತದೆ.

ಈ ಚಿತ್ರ ಸುಳ್ಳು ಎನ್ನುವುದು ನನ್ನ ತಕರಾರು. ಪುರಸಭೆಗಳು ಬಡಪಾಯಿಗಳು, ಅವುಗಳ ತಪ್ಪೇನೂ ಇಲ್ಲ ಎಂದು ವಾದಿಸಲು ನಾನು ಹೊರಟಿಲ್ಲ. ಅವುಗಳ ತಪ್ಪಿನ ಲೆಕ್ಕವೂ ಮುಂದೆ ಬರುತ್ತದೆ. ಆದರೆ 'ಸ್ವಂತ ಆದಾಯ' ಮತ್ತು 'ಅನುದಾನ' ಎಂಬ ಎರಡು ಪದಗಳ ನಡುವೆ ನಾವು ಎಳೆದಿರುವ ಗೆರೆ ದುಡಿಮೆ ಮತ್ತು ಭಿಕ್ಷೆಯ ನಡುವಿನ ಗೆರೆಯಲ್ಲ. ಅದು ಯಾವ ತೆರಿಗೆಯನ್ನು ಯಾವ ಕಚೇರಿ ವಸೂಲು ಮಾಡಬೇಕು ಎಂದು ಬೆಂಗಳೂರಿನಲ್ಲೂ ದೆಹಲಿಯಲ್ಲೂ ಕೂತು ಬರೆದ ಕಾನೂನಿನ ಗೆರೆ. ಇದಕ್ಕೆ ನಾನು ಪುತ್ತೂರು, ಸುಳ್ಯ ಮತ್ತು ಕಡಬವನ್ನು ಸಾಕ್ಷಿಗೆ ಕರೆಯುತ್ತೇನೆ. ಒಂದು ಕಾಲಕ್ಕೆ ಮೂರೂ ಪುತ್ತೂರು ಎಂಬ ದೊಡ್ಡ ತಾಲೂಕಿನ ಊರುಗಳು. ಈಗ ಮೂರೂ ಬೇರೆ ಬೇರೆ ತಾಲೂಕು ಕೇಂದ್ರಗಳು, ಪೌರಾಡಳಿತದ ಮೂರು ಮೆಟ್ಟಿಲುಗಳು. ಪುತ್ತೂರು 2011ರ ಜನಗಣತಿಯಲ್ಲಿ 53 ಸಾವಿರ ಜನರಿದ್ದ, ಪುರಸಭೆಯಿಂದ ನಗರಸಭೆಯಾಗಿ ಬಡ್ತಿ ಪಡೆದ ಊರು. ಸುಳ್ಯ ಅದೇ ಗಣತಿಯಲ್ಲಿ 20 ಸಾವಿರದ ಆಸುಪಾಸಿನ ಪಟ್ಟಣ ಪಂಚಾಯಿತಿ. ಊರವರ ಬಾಯಲ್ಲಿ ಅದು ಇಂದಿಗೂ 'ನಗರ ಪಂಚಾಯತ್'. ಕಡಬ ಮೊನ್ನೆ ಮೊನ್ನೆಯ ತನಕ ಗ್ರಾಮ ಪಂಚಾಯತ್ ಆಗಿದ್ದು, ಪಟ್ಟಣ ಪಂಚಾಯಿತಿಯಾಗಿ ತನ್ನ ಮೊದಲ ಚುನಾವಣೆಯನ್ನು 2025ರ ಆಗಸ್ಟ್‌ನಲ್ಲಿ ಕಂಡ ಊರು.

ಮೊದಲು 'ಸ್ವಂತ' ಎಂಬ ಪದವನ್ನು ನೋಡೋಣ. ನಮ್ಮ ಊರುಗಳಿಗೆ ಇರುವ ಸ್ವಂತ ಆದಾಯಗಳಲ್ಲಿ ದೊಡ್ಡದು ಆಸ್ತಿ ತೆರಿಗೆ. ಅದರ ಹಿಂದೆ ನೀರಿನ ಶುಲ್ಕ, ಉದ್ದಿಮೆ ಪರವಾನಗಿ, ಕಟ್ಟಡ ಪರವಾನಗಿ, ಮಳಿಗೆಗಳ ಬಾಡಿಗೆ, ಸಂತೆಯ ಏಲಂ ಇವೆಲ್ಲ ಸಾಲಾಗಿ ನಿಂತಿವೆ. ಮನೆಯವರು ವರ್ಷಕ್ಕೊಮ್ಮೆ ಕಟ್ಟುವ ಆಸ್ತಿ ತೆರಿಗೆಯ ಚಲನ್ನನ್ನು ಒಮ್ಮೆ ಬಿಡಿಸಿ ನೋಡಿ. ತೆರಿಗೆ ಸಾವಿರ ರೂಪಾಯಿ ಎಂದಿದ್ದರೆ ನೀವು ಕಟ್ಟುವುದು ಸಾವಿರವಲ್ಲ. ಅದರ ಮೇಲೆ ಶೇ 15 ಆರೋಗ್ಯ ಕರ, ಶೇ 6 ಗ್ರಂಥಾಲಯ ಕರ, ಶೇ 3 ಭಿಕ್ಷುಕರ ಕರ ಸೇರುತ್ತದೆ. ಅಂದರೆ 1,240 ರೂಪಾಯಿ. ಕಸದ ಶುಲ್ಕ ಬೇರೆ. ಈ 240 ರೂಪಾಯಿಯನ್ನು ವಸೂಲು ಮಾಡುವುದು ಪುರಸಭೆಯ ಗುಮಾಸ್ತ, ಬೈಗುಳ ತಿನ್ನುವುದೂ ಅವನೇ. ಆದರೆ ವಸೂಲಿ ಖರ್ಚಿನ ಒಂದಿಷ್ಟು ಪಾಲು ಕಳೆದು ಉಳಿದದ್ದು ಊರಿನದ್ದಲ್ಲ, ಆಯಾ ಇಲಾಖೆಗಳಿಗೆ ಹೋಗಬೇಕಾದದ್ದು. ಊರಿನ ಜನರ ಮಟ್ಟಿಗೆ ಮಾತ್ರ ಇದು 'ಪುರಸಭೆ ತೆಗೆದುಕೊಂಡ ತೆರಿಗೆ'.

ಉಳಿದ ಸಾವಿರವಾದರೂ ಪೂರ್ತಿ ಸ್ವಂತವೇ? ಯಾವ ತೆರಿಗೆಗಾದರೂ ಮೂರು ಹಿಡಿಗಳಿರುತ್ತವೆ: ಯಾವುದರ ಮೇಲೆ ಹಾಕುವುದು, ಎಷ್ಟು ಹಾಕುವುದು, ಹೇಗೆ ವಸೂಲು ಮಾಡುವುದು. ಕರ್ನಾಟಕದಲ್ಲಿ ಆಸ್ತಿ ತೆರಿಗೆಯ ಬುಡ ಇರುವುದು ಆಸ್ತಿಯ ಮಾರ್ಗಸೂಚಿ ಬೆಲೆಯಲ್ಲಿ. ಅದನ್ನು ನಿಗದಿ ಮಾಡುವುದು ನೋಂದಣಿ ಮತ್ತು ಮುದ್ರಾಂಕ ಇಲಾಖೆಯ ವ್ಯವಸ್ಥೆ, ಊರಿನ ಮಂಡಳಿಯಲ್ಲ. ದರಕ್ಕೆ 1964ರ ಕರ್ನಾಟಕ ಪುರಸಭೆಗಳ ಕಾಯ್ದೆ ಕೆಳಗೊಂದು ನೆಲ, ಮೇಲೊಂದು ಮಾಡು ಕಟ್ಟಿಟ್ಟಿದೆ. ಮಂಡಳಿ ಅದರೊಳಗೆ ಆಚೀಚೆ ಓಡಾಡಬಹುದು. ಏಪ್ರಿಲ್‌ನಲ್ಲಿ ಕಟ್ಟಿದವರಿಗೆ ಶೇ 5 ರಿಯಾಯಿತಿ, ಜುಲೈಯಿಂದ ತಿಂಗಳಿಗೆ ಶೇ 2 ದಂಡ ಎಂಬುದೂ ಮೇಲಿನಿಂದಲೇ ಬಂದ ನಿಯಮ. ಹೀಗೆ ಊರಿನ ಕೈಗೆ ನಿಜವಾಗಿ ಸಿಕ್ಕಿರುವ ಹಿಡಿ ಮೂರನೆಯದ್ದು ಮಾತ್ರ, ವಸೂಲಿ. ಆ ಕೆಲಸ ಮಾಡಬೇಕಾದ ಕಂದಾಯ ನಿರೀಕ್ಷಕನನ್ನು ನೇಮಿಸುವುದು, ವರ್ಗ ಮಾಡುವುದು ಮತ್ತೆ ಸರ್ಕಾರವೇ.

ಇನ್ನು ಯಾವ ತೆರಿಗೆ ಊರಿನದ್ದಾಗಬಹುದಿತ್ತು, ಆದರೆ ಆಗಲಿಲ್ಲ ಎನ್ನುವುದಕ್ಕೆ ದೂರ ಹೋಗಬೇಕಾಗಿಲ್ಲ. ಸುಳ್ಯದಿಂದ ಜಾಲ್ಸೂರು ದಾಟಿ ಮುಳ್ಳೇರಿಯದ ಕಡೆ ಹೊರಟರೆ ಸ್ವಲ್ಪ ಹೊತ್ತಿನಲ್ಲೇ ಕೇರಳ. ಮಣ್ಣು ಅದೇ, ಅಡಿಕೆ ಅದೇ, ಮಾತೂ ಬಹುಮಟ್ಟಿಗೆ ಅದೇ. 1956ರ ನವೆಂಬರ್ 1ರ ತನಕ ಕಾಸರಗೋಡು ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲೂಕು, ಪುತ್ತೂರಿನ ಹಾಗೆಯೇ. ಆ ಕಾಲದ ಮದ್ರಾಸಿನ ಸ್ಥಳೀಯ ಆಡಳಿತದ ಕಾನೂನುಗಳಲ್ಲಿ ವೃತ್ತಿ ತೆರಿಗೆ ಎಂಬುದು ಸ್ಥಳೀಯ ಸಂಸ್ಥೆಗಳು ಹಾಕುವ ತೆರಿಗೆಯಾಗಿತ್ತು. ಕೇರಳ ಆ ಪದ್ಧತಿಯನ್ನು ಉಳಿಸಿಕೊಂಡಿತು, ತಮಿಳುನಾಡೂ ಉಳಿಸಿಕೊಂಡಿತು. ಇಂದಿಗೂ ಕಾಸರಗೋಡು ನಗರಸಭೆ ತನ್ನ ವ್ಯಾಪ್ತಿಯ ನೌಕರರಿಂದ, ವ್ಯಾಪಾರಿಗಳಿಂದ ಅರ್ಧ ವರ್ಷಕ್ಕೊಮ್ಮೆ ವೃತ್ತಿ ತೆರಿಗೆ ವಸೂಲು ಮಾಡಿ ತನ್ನಲ್ಲೇ ಇಟ್ಟುಕೊಳ್ಳುತ್ತದೆ. ಅಲ್ಲಿನ ಗ್ರಾಮ ಪಂಚಾಯತ್‌ಗಳೂ ಹಾಗೆಯೇ. ಕರ್ನಾಟಕದಲ್ಲಾದರೋ 1976ರ ವೃತ್ತಿ ತೆರಿಗೆ ಕಾಯ್ದೆ ಬಂದು, ತೆರಿಗೆ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆಯ ಪಾಲಾಯಿತು.

ಈಗ ಒಂದು ಸಣ್ಣ ಲೆಕ್ಕ. ಸಂವಿಧಾನದ 276ನೇ ವಿಧಿಯ ಪ್ರಕಾರ ಈ ತೆರಿಗೆ ಒಬ್ಬರ ಮೇಲೆ ವರ್ಷಕ್ಕೆ 2,500 ರೂಪಾಯಿ ಮೀರಬಾರದು. ಸುಳ್ಯದ ಒಂದು ಕಾಲೇಜಿನ ಅಧ್ಯಾಪಕರ ಸಂಬಳದಿಂದಲೂ, ಕಾಸರಗೋಡಿನ ಒಂದು ಕಾಲೇಜಿನ ಅಧ್ಯಾಪಕರ ಸಂಬಳದಿಂದಲೂ ಈ 2,500 ಮುರಿಯಲ್ಪಡುತ್ತದೆ ಎಂದಿಟ್ಟುಕೊಳ್ಳಿ. ಒಂದು ಊರಿನಲ್ಲಿ ಇಂಥ ಸಾವಿರ ಮಂದಿ ಇದ್ದರೆ ವರ್ಷಕ್ಕೆ 25 ಲಕ್ಷ. ಕಾಸರಗೋಡಿನ ಲೆಕ್ಕಪುಸ್ತಕದಲ್ಲಿ ಆ 25 ಲಕ್ಷ 'ಸ್ವಂತ ಆದಾಯ'. ಸುಳ್ಯದ 25 ಲಕ್ಷ ಬೆಂಗಳೂರಿಗೆ ಹೋಗಿ ರಾಜ್ಯದ ಬೊಕ್ಕಸದಲ್ಲಿ ಕಲೆತು, ಅದರ ಒಂದು ಅಂಶ ಎಂದಾದರೂ ಸುಳ್ಯಕ್ಕೆ ಮರಳಿದರೆ ಅದರ ಹೆಸರು 'ಅನುದಾನ'. ಎರಡು ಊರಿನ ಅಧ್ಯಾಪಕರೂ ಅಷ್ಟೇ ಕಟ್ಟಿದ್ದಾರೆ. ಆದರೆ ಪಟ್ಟಿ ಮಾಡುವವರ ಕಣ್ಣಿಗೆ ಕಾಸರಗೋಡು ಸ್ವಾವಲಂಬಿ, ಸುಳ್ಯ ಪರಾವಲಂಬಿ. ಜಾಲ್ಸೂರಿನ ಗಡಿ ದಾಟುವುದರೊಳಗೆ ಜನರ ಶೀಲ ಬದಲಾಯಿತೇ?

ಇದಕ್ಕೊಂದು ಉತ್ತರವಿದೆ, ಅದನ್ನು ನಾನು ತಳ್ಳಿ ಹಾಕುವುದಿಲ್ಲ. ಕೆಲವು ತೆರಿಗೆಗಳನ್ನು ಮೇಲಿನ ಸರ್ಕಾರ ವಸೂಲು ಮಾಡುವುದೇ ಮೇಲು. ಹಿಂದೆ ಕರ್ನಾಟಕದ ಪೇಟೆಗಳ ಬಾಗಿಲಲ್ಲಿ ಆಕ್ಟ್ರಾಯ್ ಎಂಬ ಪ್ರವೇಶ ಸುಂಕ ಇತ್ತು. ಸರಕಿನ ಗಾಡಿ, ಲಾರಿಗಳನ್ನು ನಿಲ್ಲಿಸಿ, ಮೂಟೆ ಎಣಿಸಿ, ಚೀಟಿ ಹರಿದು ಬಿಡುವ ಕೆಲಸ. ವ್ಯಾಪಾರಕ್ಕೆ ಕಿರಿಕಿರಿ, ಲಂಚಕ್ಕೆ ಹೇಳಿ ಮಾಡಿಸಿದ ಜಾಗ. 1979ರಲ್ಲಿ ರಾಜ್ಯ ಅದನ್ನು ರದ್ದು ಮಾಡಿ, ತಾನೇ ಪ್ರವೇಶ ತೆರಿಗೆ ಹಾಕಿ, ಪುರಸಭೆಗಳಿಗೆ ಪರಿಹಾರವಾಗಿ ಅನುದಾನ ಕೊಡತೊಡಗಿತು. ಆ ಪ್ರವೇಶ ತೆರಿಗೆಯೂ 2017ರ ಜುಲೈ 1ರಂದು ಜಿಎಸ್‌ಟಿಯೊಳಗೆ ಕರಗಿತು. ಸುಂಕದ ಕಟ್ಟೆ ಹೋದದ್ದಕ್ಕೆ ಯಾರೂ ಅಳಬೇಕಾಗಿಲ್ಲ. ಆದರೆ ನಡೆದದ್ದನ್ನು ಗಮನಿಸಿ. ಮೊದಲ ದಿನ ಅದು ಊರಿನ ತೆರಿಗೆ. ಮರುದಿನ ಅದರ ಬದಲಿಗೆ ಬಂದ ಪರಿಹಾರ. ಇನ್ನೂ ಕೆಲವು ವರ್ಷ ಕಳೆದರೆ ಅದು ಸಾಮಾನ್ಯ ಅನುದಾನ. ಜಿಎಸ್‌ಟಿಯ ಹೊತ್ತಿಗೆ ಊರಿಗೂ ಆ ತೆರಿಗೆಗೂ ಸಂಬಂಧವಿತ್ತು ಎಂಬುದೇ ಮರೆತುಹೋಗಿದೆ. ವಸೂಲಿಯ ಅನುಕೂಲಕ್ಕಾಗಿ ಮೇಲಕ್ಕೆ ಕೊಟ್ಟದ್ದು, ಮೇಲಿನವರ ಔದಾರ್ಯವಾಗಿ ಕೆಳಗಿಳಿಯುತ್ತದೆ. ನನ್ನ ಸಿಟ್ಟು ತೆರಿಗೆ ಮೇಲೆ ಹೋದದ್ದರ ಮೇಲಲ್ಲ, ಈ ಮರೆವಿನ ಮೇಲೆ.

ಪುತ್ತೂರಿನ ಸಂಗತಿ ಇನ್ನೂ ವಿಚಿತ್ರ. ಆ ಊರಿನ ಚೈತನ್ಯವಿರುವುದು ಅಡಿಕೆಯಲ್ಲಿ. ಕ್ಯಾಂಪ್ಕೋ 1986ರಿಂದ ಚಾಕಲೇಟ್ ಕಾರ್ಖಾನೆ ನಡೆಸುತ್ತಿರುವುದೂ ಇಲ್ಲಿಯೇ. ಅಡಿಕೆಗೆ ಬೆಲೆ ಬಂದ ವರ್ಷ ಚಿನ್ನದಂಗಡಿಯಿಂದ ಹಿಡಿದು ಹಾರ್ಡ್‌ವೇರ್ ಅಂಗಡಿಯ ತನಕ ಪೇಟೆ ತುಂಬುತ್ತದೆ. ಆದರೆ ಆ ದುಡ್ಡನ್ನು ಹಿಡಿಯಲು ನಗರಸಭೆಗೆ ಯಾವ ಕೈ ಇದೆ? ಅಡಿಕೆಯ ಮೇಲಿನ ಜಿಎಸ್‌ಟಿ ಕೇಂದ್ರಕ್ಕೂ ರಾಜ್ಯಕ್ಕೂ ಹಂಚಿಹೋಗುತ್ತದೆ. ಮಾರುಕಟ್ಟೆ ಶುಲ್ಕ ಎಪಿಎಂಸಿಗೆ. ತೋಟಕ್ಕೆ ಆಸ್ತಿ ತೆರಿಗೆ ಇಲ್ಲ, ಕೃಷಿ ಜಮೀನಿಗೆ ಕಾನೂನೇ ವಿನಾಯಿತಿ ಕೊಟ್ಟಿದೆ. ಆ ದುಡ್ಡು ಕಲ್ಲು, ಸಿಮೆಂಟಾಗಿ ನಿಂತು ಕಟ್ಟಡವಾದಾಗ ಮಾತ್ರ ನಗರಸಭೆಯ ಕಣ್ಣಿಗೆ ಬೀಳುತ್ತದೆ. ಆದರೆ ಪೇಟೆ ತುಂಬಿದಷ್ಟೂ ಕಸ ಹೆಚ್ಚುತ್ತದೆ, ರಸ್ತೆ ಸವೆಯುತ್ತದೆ, ಸೋಮವಾರದ ಸಂತೆ ಮುಗಿದ ಮೇಲೆ ಕಿಲ್ಲೆ ಮೈದಾನ ಗುಡಿಸುವುದೂ ನಗರಸಭೆಯದ್ದೇ ಕೆಲಸ. ಖರ್ಚು ಊರಿನ ವ್ಯಾಪಾರದ ಜೊತೆ ಬೆಳೆಯುತ್ತದೆ. ಆದಾಯ ಕಟ್ಟಡದ ಜೊತೆ, ಅದೂ ಮಾರ್ಗಸೂಚಿ ಬೆಲೆ ಪರಿಷ್ಕರಣೆಯಾದಾಗ, ನಿಧಾನವಾಗಿ ಬೆಳೆಯುತ್ತದೆ.

ಈ ಸಂದಿಗೇ ಅರ್ಥಶಾಸ್ತ್ರದವರು ವರ್ಟಿಕಲ್ ಫಿಸ್ಕಲ್ ಗ್ಯಾಪ್ ಎನ್ನುವುದು. ಕನ್ನಡದಲ್ಲಿ 'ಲಂಬ ಹಣಕಾಸು ಅಂತರ' ಎನ್ನಬಹುದು. ಲಂಬ ಯಾಕೆಂದರೆ ಇದು ಒಂದೂರಿಗೂ ಇನ್ನೊಂದೂರಿಗೂ ನಡುವಿನ ಅಂತರವಲ್ಲ, ಮೇಲಿನ ಸರ್ಕಾರಕ್ಕೂ ಕೆಳಗಿನ ಸರ್ಕಾರಕ್ಕೂ ನಡುವಿನದ್ದು: ಕೆಲಸ ಕೆಳಗೆ, ದುಡ್ಡು ಮೇಲೆ. ಪದ ಸುಲಭ. ಅದನ್ನು ಅಳೆಯುವಾಗಲೇ ಎಡವಟ್ಟಾಗುವುದು, ಮತ್ತು ನಮ್ಮ ಬಜೆಟ್ ಸಭೆಗಳ ಉಪದೇಶವೆಲ್ಲ ಹುಟ್ಟುವುದು ಆ ಎಡವಟ್ಟಿನಲ್ಲೇ.

ಹೊಳೆಬದಿ ಎಂಬ ಒಂದು ಕಲ್ಪಿತ ಪಟ್ಟಣ ಪಂಚಾಯಿತಿಯನ್ನು ತೆಗೆದುಕೊಳ್ಳೋಣ, ಅಂಕಿಗಳೂ ಕಲ್ಪಿತವೇ. ಅದು ವರ್ಷಕ್ಕೆ 2 ಕೋಟಿ ಸ್ವಂತ ಆದಾಯ ತರುತ್ತದೆ, 6 ಕೋಟಿ ಅನುದಾನ ಪಡೆಯುತ್ತದೆ, ಒಟ್ಟು 8 ಕೋಟಿ ಖರ್ಚು ಮಾಡುತ್ತದೆ. ಅಂತರ ಎಷ್ಟು? ಖರ್ಚಿನಿಂದ ಸ್ವಂತ ಆದಾಯ ಕಳೆಯಿರಿ: 6 ಕೋಟಿ. ಅನುದಾನವೂ 6 ಕೋಟಿ. ಸರಿಯಾಗಿ ತುಂಬಿತಲ್ಲ, ಇನ್ನೇನು ದೂರು? ಆದರೆ ಈ ಲೆಕ್ಕ ತಾಳೆಯಾಗಿರುವುದು ಸರ್ಕಾರ ಸರಿಯಾಗಿ ಕೊಟ್ಟದ್ದರಿಂದಲ್ಲ. ಪಟ್ಟಣ ಪಂಚಾಯಿತಿ ಸಾಲ ಮಾಡಿ ಸಂಸಾರ ನಡೆಸುವಂತಿಲ್ಲ, ಬಂದಷ್ಟೇ ಖರ್ಚು ಮಾಡಬೇಕು. ಹಾಗಾಗಿ ಖರ್ಚಿನಿಂದ ಸ್ವಂತ ಆದಾಯ ಕಳೆದರೆ ಉಳಿಯುವುದು ಯಾವಾಗಲೂ ಅನುದಾನವೇ. ಮುಂದಿನ ವರ್ಷ ಅನುದಾನ 4 ಕೋಟಿಗೆ ಇಳಿಯಿತು ಎನ್ನಿ. ಖರ್ಚು 6 ಕೋಟಿಗೆ ಇಳಿಯುತ್ತದೆ, 'ಅಂತರ' 4 ಕೋಟಿಗೆ ಇಳಿಯುತ್ತದೆ. ಅಷ್ಟೇ ಅಲ್ಲ, ಒಟ್ಟು ಆದಾಯದಲ್ಲಿ ಸ್ವಂತ ಆದಾಯದ ಪಾಲು ಶೇ 25ರಿಂದ ಶೇ 33ಕ್ಕೆ ಏರುತ್ತದೆ. ವರದಿಯಲ್ಲಿ ಹೊಳೆಬದಿ ಸ್ವಾವಲಂಬನೆಯತ್ತ ಹೆಜ್ಜೆ ಹಾಕಿದೆ. ಅನುದಾನ ಪೂರ್ತಿ ನಿಂತರೆ ಅದು ಶೇ 100 ಸ್ವಾವಲಂಬಿ, ಬೀದಿದೀಪವೊಂದೂ ಉರಿಯದಿದ್ದರೂ. 'ಸ್ವಂತ ಆದಾಯ ಶೇಕಡಾ ಇಷ್ಟು ಮಾತ್ರ' ಎಂಬ ವಾಕ್ಯ ಎಲ್ಲಿ ಕಂಡರೂ ಈ ಹೊಳೆಬದಿಯನ್ನು ನೆನೆಸಿಕೊಳ್ಳಿ ಎಂದು ವಿದ್ಯಾರ್ಥಿ ಗೆಳೆಯರಲ್ಲಿ ನನ್ನ ಕೋರಿಕೆ.

ಅಂತರವನ್ನು ನಿಜವಾಗಿ ಅಳೆಯಲು ಬಜೆಟ್ ಪುಸ್ತಕದಲ್ಲಿ ಇಲ್ಲದ ಎರಡು ಸಂಖ್ಯೆಗಳು ಬೇಕು. ಒಂದು, ಒಪ್ಪಿದ ಮಟ್ಟದಲ್ಲಿ ನೀರು, ಕಸ, ದೀಪ, ಚರಂಡಿ ನಡೆಸಲು ಎಷ್ಟು ಬೇಕು ಎಂಬುದು. ಹೊಳೆಬದಿಗೆ 10 ಕೋಟಿ ಬೇಕು ಎನ್ನೋಣ. ಎರಡು, ಕಾನೂನು ಕೊಟ್ಟ ಅಧಿಕಾರವನ್ನು ಪ್ರಾಮಾಣಿಕವಾಗಿ ಬಳಸಿದರೆ ಊರು ಎಷ್ಟು ಸಂಗ್ರಹಿಸಬಲ್ಲದು ಎಂಬುದು. ಅದು 3 ಕೋಟಿ ಎನ್ನೋಣ. ಈಗ ಅಂತರ 10ರಿಂದ 3 ಕಳೆದರೆ 7 ಕೋಟಿ. ಬಂದ ಅನುದಾನ 6. ಸರ್ಕಾರ ಕೊಡದೆ ಉಳಿಸಿದ್ದು 1 ಕೋಟಿ. ಊರು 3 ತರಬಹುದಾಗಿದ್ದ ಕಡೆ 2 ಮಾತ್ರ ತಂದಿದೆ. ಅದು ಊರಿನ 1 ಕೋಟಿಯ ಸೋಮಾರಿತನ. ಜನರಿಗೆ ಸಿಗದೆ ಹೋದ 2 ಕೋಟಿಯ ಸೇವೆಯಲ್ಲಿ ಅರ್ಧದ ಹೊಣೆ ಅವರದ್ದು, ಅರ್ಧದ್ದು ಇವರದ್ದು. ಹಣಕಾಸು ಒಕ್ಕೂಟದ ಬಗ್ಗೆ ಬರೆದಿರುವ ರಾಬಿನ್ ಬೋಡ್‌ವೇ ಮತ್ತು ಅನ್ವರ್ ಶಾ ಇಲ್ಲೇ ಒಂದು ಉಪಯುಕ್ತ ಭೇದ ಮಾಡುತ್ತಾರೆ: ಬೇಕಾದದ್ದಕ್ಕೂ ಊರಿನ ಶಕ್ತಿಗೂ ನಡುವಿನ 7 ಕೋಟಿ ಅಂತರ, ವರ್ಗಾವಣೆಯ ನಂತರವೂ ಅದರಲ್ಲಿ ತುಂಬದೆ ಉಳಿದದ್ದು ಅಸಮತೋಲನ. ಅಂತರ ಇರುವುದು ರೋಗವಲ್ಲ. ಆದಾಯ ತೆರಿಗೆಯನ್ನೂ ಜಿಎಸ್‌ಟಿಯನ್ನೂ ಪ್ರತಿ ಪೇಟೆಯೂ ತಾನೇ ಹಾಕುವ ದೇಶ ಎಲ್ಲೂ ಇಲ್ಲ. ಅಂತರ ಎಲ್ಲೆಡೆ ಇದ್ದೇ ಇರುತ್ತದೆ. ಅದು ತುಂಬದೆ ಉಳಿಯುವುದು ರೋಗ. ನಾವು ಮಾಡುತ್ತಿರುವುದು ಅಂತರವನ್ನೇ ಊರಿನ ರೋಗವೆಂದು ಕರೆದು, ತುಂಬದೆ ಉಳಿದ ಭಾಗವನ್ನು ಲೆಕ್ಕದಿಂದಲೇ ಮಾಯ ಮಾಡುವುದು.

ಆ ಎರಡು ಸಂಖ್ಯೆಗಳನ್ನು ಹುಡುಕುವುದು ಯಾರ ಕೆಲಸ? 74ನೇ ತಿದ್ದುಪಡಿ ಅದಕ್ಕೂ ಉತ್ತರ ಇಟ್ಟಿದೆ: ಐದು ವರ್ಷಕ್ಕೊಮ್ಮೆ ರಾಜ್ಯ ಹಣಕಾಸು ಆಯೋಗ. ಕರ್ನಾಟಕದ ಮೂರನೇ ಆಯೋಗದ ಅಧ್ಯಕ್ಷರಾಗಿದ್ದವರು ನಮ್ಮ ಕರಾವಳಿಯವರೇ, ಅಮಾಸೆಬೈಲಿನ ಎ.ಜಿ. ಕೊಡ್ಗಿ. ರಾಜ್ಯದ ಸಾಲವಲ್ಲದ ನಿವ್ವಳ ಸ್ವಂತ ಆದಾಯದಲ್ಲಿ ಶೇ 33 ಸ್ಥಳೀಯ ಸಂಸ್ಥೆಗಳಿಗೆ ಹೋಗಬೇಕು, ಅದರಲ್ಲಿ ಶೇ 23 ಪಂಚಾಯತ್‌ಗಳಿಗೆ, ಶೇ 10 ನಗರಗಳಿಗೆ ಎಂದು ಆ ಆಯೋಗ ಶಿಫಾರಸು ಮಾಡಿತ್ತು. ಶಿಫಾರಸಿನ ಭಾಷೆ ಗಮನಿಸಿ, ಅದು ಪಾಲಿನ ಭಾಷೆ. ಅಣ್ಣತಮ್ಮಂದಿರ ನಡುವಿನ ಪಾಲಿಗೆ ಯಾರೂ ದಾನ ಎನ್ನುವುದಿಲ್ಲ. ಆದರೆ ಅದೇ ಹಣ ಪುರಸಭೆಯ ಬಜೆಟ್ಟಿನಲ್ಲಿ ಇಳಿಯುವಾಗ 'ಎಸ್‌ಎಫ್‌ಸಿ ಅನುದಾನ' ಎಂಬ ಹೆಸರು ಹೊತ್ತಿರುತ್ತದೆ.

ಆ ಅನುದಾನದ ಒಳಗನ್ನೂ ಬಿಚ್ಚಿ ನೋಡಬೇಕು. ಅದರಲ್ಲಿ ಮೂರು ಕೋಣೆಗಳಿವೆ: ವೇತನ ಅನುದಾನ, ವಿದ್ಯುತ್ ಅನುದಾನ, ಮುಕ್ತನಿಧಿ. ವೇತನದ್ದು ಸರ್ಕಾರವೇ ನೇಮಿಸಿದ ನೌಕರರ ಸಂಬಳಕ್ಕೆ. ವಿದ್ಯುತ್ತಿನದ್ದು ಬೀದಿದೀಪ ಮತ್ತು ನೀರಿನ ಪಂಪುಗಳ ಬಿಲ್ಲಿಗೆ. ನಮ್ಮ ಕಡೆ ಅದು ಮೆಸ್ಕಾಂನ ಬಾಕಿಗೆ ಹೊಂದಾಣಿಕೆಯಾಗುತ್ತದೆ. ಕಾಗದದ ಮೇಲೆ ಊರಿಗೆ ಬಂದ ಹಣ ಊರಿನ ಕೈ ಸೋಕದೆ ದಾಟಿ ಹೋಗುತ್ತದೆ. ಪುತ್ತೂರಿನ ನೀರನ್ನೇ ತೆಗೆದುಕೊಳ್ಳಿ. ಕುಮಾರಧಾರೆಯಿಂದ, ನೆಕ್ಕಿಲಾಡಿಯಲ್ಲಿ ಎತ್ತಿ ಊರಿಗೆ ತರಬೇಕು. ಅದರ ಪೈಪು, ಟ್ಯಾಂಕುಗಳಿಗೆ ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ಸಾಲದ ಯೋಜನೆಗಳು ಬಂದಿವೆ. ಕರಾವಳಿ ಮತ್ತು ಉತ್ತರ ಕನ್ನಡದ ಹತ್ತು ಪಟ್ಟಣಗಳ ಹಳೆಯ ಯೋಜನೆಯಲ್ಲೂ ಪುತ್ತೂರು ಇತ್ತು, ಆಮೇಲಿನ ಜಲಸಿರಿಯಲ್ಲೂ ಇದೆ. ಕಟ್ಟುವ ಹಣ ಮೇಲಿನಿಂದ ಒಮ್ಮೆ ಬರುತ್ತದೆ. ಕರೆಂಟು, ರಿಪೇರಿ, ಒಡೆದ ಪೈಪಿನ ಖರ್ಚು ಪ್ರತಿ ತಿಂಗಳೂ ಊರಿನದ್ದು. ಯೋಜನೆ ದೊಡ್ಡದಾದಷ್ಟೂ ಊರಿನ ಅಗತ್ಯದ ಸಂಖ್ಯೆ ಬೆಳೆಯುತ್ತದೆ. ಉದ್ಘಾಟನೆಯ ಬ್ಯಾನರಿನಲ್ಲಿ ಈ ಸಂಗತಿಗೆ ಜಾಗ ಇರುವುದಿಲ್ಲ. (ಅಂದಹಾಗೆ, ನಗರೋತ್ಥಾನದ ರಸ್ತೆಗೆ ಬ್ಯಾನರ್ ನೋಡಿದ್ದೇನೆ, ವೇತನ ಅನುದಾನ ತಂದವರ ಬ್ಯಾನರ್ ಇನ್ನೂ ನೋಡಿಲ್ಲ.)

ಇತ್ತ ಕೇಂದ್ರದ ಕಡೆಯಿಂದ ಬರುವ ಹಣಕ್ಕೆ ಇನ್ನೊಂದು ಬಗೆಯ ಗಂಟು. 15ನೇ ಹಣಕಾಸು ಆಯೋಗ 2021ರಿಂದ 26ರ ಅವಧಿಗೆ ಕೊಟ್ಟ ಅನುದಾನದಲ್ಲಿ, ನಮ್ಮಂಥ ಸಣ್ಣ ಊರುಗಳ ಪಾಲಿನ ಶೇ 60 ನೀರು ಮತ್ತು ನೈರ್ಮಲ್ಯಕ್ಕೆ ಮೀಸಲಾಗಿತ್ತು, ಶೇ 40 ಮಾತ್ರ ಸ್ವತಂತ್ರವಾಗಿತ್ತು. ಅದನ್ನು ಪಡೆಯಲೂ ಒಂದು ಷರತ್ತು: ಊರಿನ ಆಸ್ತಿ ತೆರಿಗೆ ವಸೂಲಿ, ರಾಜ್ಯದ ಒಟ್ಟು ಉತ್ಪನ್ನದ ಐದು ವರ್ಷಗಳ ಸರಾಸರಿ ಬೆಳವಣಿಗೆಯ ದರದಷ್ಟಾದರೂ ಏರಬೇಕಿತ್ತು. ಕೇಳಲು ನ್ಯಾಯವಾಗಿಯೇ ಇದೆ, ದುಡಿಯುವವನಿಗೆ ಕೊಡೋಣ ಎಂಬಂತೆ. ಆದರೆ ರಾಜ್ಯದ ಉತ್ಪನ್ನ ಬೆಳೆಯುವುದು ಬಹುಪಾಲು ಬೆಂಗಳೂರಿನ ಕಾರಣದಿಂದ. ಬೆಂಗಳೂರಿನ ಓಟಕ್ಕೆ ಸುಳ್ಯದ ತೆರಿಗೆ ಹೆಜ್ಜೆ ಹಾಕಬೇಕಿತ್ತು, ಬೆಲೆ ನಿಗದಿ ಮಾಡುವ ಅಧಿಕಾರ ಇಲ್ಲದೆ. ಕಾಲು ಕಟ್ಟಿ ಓಡಿಸುವುದು ಅಂದರೆ ಇದೇ. ಅಂತರ ತುಂಬಲೆಂದು ಇರುವ ಹಣ, ಅಂತರ ಹೆಚ್ಚಿರುವ ಊರಿನಿಂದಲೇ ಮೊದಲು ಕೈ ತಪ್ಪುವ ಸಂಭವ ಇಲ್ಲಿತ್ತು. ಇನ್ನು ಅಧ್ಯಯನದ ಬೆಳಕೂ ಇಲ್ಲಿಯ ತನಕ ಬರುವುದಿಲ್ಲ: ರಿಸರ್ವ್ ಬ್ಯಾಂಕ್ 2022 ಮತ್ತು 2024ರಲ್ಲಿ ಪುರಸಭಾ ಹಣಕಾಸಿನ ಬಗ್ಗೆ ಹೊರತಂದ ವರದಿಗಳು ಮಹಾನಗರಪಾಲಿಕೆಗಳನ್ನು ಕುರಿತವು. ಮಂಗಳೂರು ಆ ಲೋಕದಲ್ಲಿದೆ, ಪುತ್ತೂರು ಇಲ್ಲ.

ಇಷ್ಟೆಲ್ಲ ಹೇಳಿ ಹೊಳೆಬದಿಯ ಆ 1 ಕೋಟಿಯ ಸೋಮಾರಿತನವನ್ನು ಮರೆಸಿದರೆ ನಾನೂ ಕಣ್ಣಾಮುಚ್ಚಾಲೆ ಆಡಿದಂತಾಗುತ್ತದೆ. ಊರುಗಳು ತಮ್ಮ ಕೈಲಿರುವ ಹಿಡಿಯನ್ನೂ ಸರಿಯಾಗಿ ಹಿಡಿಯುವುದಿಲ್ಲ. ಮುಖ್ಯರಸ್ತೆಯ ಸ್ವಂತ ಮಳಿಗೆಯನ್ನು ಪಕ್ಕದ ಖಾಸಗಿ ಅಂಗಡಿಗಿಂತ ಎಷ್ಟೋ ಕಡಿಮೆ ಬಾಡಿಗೆಗೆ ವರ್ಷಾನುಗಟ್ಟಲೆ ಬಿಟ್ಟಿರುವುದು, ಹಿಡಿದವನು ಅದನ್ನು ಇನ್ನೊಬ್ಬನಿಗೆ ಒಳಬಾಡಿಗೆಗೆ ಕೊಟ್ಟು ನಡುವಿನ ಲಾಭ ತಿನ್ನುವುದು ಕರ್ನಾಟಕದ ಯಾವ ಪೇಟೆಗೂ ಹೊಸ ಕಥೆಯಲ್ಲ. ಎರಡು ಮಹಡಿ ಎದ್ದ ಮೇಲೂ ದಾಖಲೆಯಲ್ಲಿ ಒಂದೇ ಮಹಡಿ ಇರುವ ಕಟ್ಟಡಗಳಿವೆ. ಮನೆ ಎಂದು ಬರೆಸಿ ಅಂಗಡಿ ನಡೆಸುವ ಕಟ್ಟಡಗಳಿವೆ. ಸ್ವಯಂ ಘೋಷಣೆಯ ಪದ್ಧತಿಯಲ್ಲಿ ಮಾಲೀಕ ಹೇಳಿದ್ದೇ ಅಳತೆ. ಟೇಪು ಹಿಡಿದು ಹೋಗಿ ತಾಳೆ ನೋಡುವವರಿಲ್ಲ. ಸದಸ್ಯನಿಗೆ ತನ್ನ ವಾರ್ಡಿನ ನೂರು ಮನೆಯವರ ಸಿಟ್ಟು ಕಟ್ಟಿಕೊಳ್ಳುವುದಕ್ಕಿಂತ ಶಾಸಕರ ಬಾಗಿಲಲ್ಲಿ ನಿಂತು ಒಂದು ಕಾಂಕ್ರೀಟ್ ರಸ್ತೆ ಕೇಳುವುದು ಸುಲಭ.

ಆದರೆ ಈ ಸೋಮಾರಿತನವನ್ನು ಬೆಳೆಸಿದ್ದೂ ಅನುದಾನವನ್ನು ದಾನವೆಂದು ಕಾಣುವ ಪದ್ಧತಿಯೇ. ಎಷ್ಟು ಬರುತ್ತದೆ ಎಂದು ಮೊದಲೇ ಗೊತ್ತಿರುವ, ಸೂತ್ರದ ಪ್ರಕಾರ ಬರುವ ಪಾಲು ಇದ್ದರೆ, ಊರು ಹೆಚ್ಚುವರಿಯಾಗಿ ತಂದ ಪ್ರತಿ ರೂಪಾಯಿಯೂ ಊರಿನ ಕೈಯಲ್ಲೇ ಉಳಿಯುತ್ತದೆ; ಸದಸ್ಯ ಅದನ್ನು ತೋರಿಸಿ ಮತ ಕೇಳಬಹುದು. ಯಾರ ಪ್ರಭಾವಕ್ಕೆ ಎಷ್ಟು ಬರುತ್ತದೋ ಗೊತ್ತಿಲ್ಲದ ಹಣವಾದರೆ, ಪ್ರಭಾವಿಗಳನ್ನು ಓಲೈಸುವುದೇ ಜಾಣತನ. ವಸೂಲಿಗೆ ಹೋಗುವವನು ಪೆದ್ದ.

ಕಡಬದ ವಿಚಾರದಲ್ಲಿ ಇದೆಲ್ಲ ಒಟ್ಟಿಗೆ ಕಾಣುತ್ತದೆ. ಕಡಬ ಮತ್ತು ಕೋಡಿಂಬಾಳ ಗ್ರಾಮಗಳು ಸೇರಿ ಪಟ್ಟಣ ಪಂಚಾಯಿತಿಯಾದವು. ಆ ಪ್ರದೇಶ ಈಗಲೂ ಅಡಿಕೆ ಮತ್ತು ರಬ್ಬರ್ ತೋಟಗಳ ನಡುವಿನ ಒಂದು ಪೇಟೆ. ಗ್ರಾಮವಾಗಿದ್ದಾಗ ಉದ್ಯೋಗ ಖಾತರಿಯ ಹಣವಿತ್ತು. ಕೃಷಿಕರು ಬಾವಿ, ತೋಟದ ಕೆಲಸ ಅದರಲ್ಲಿ ಮಾಡಿಸುತ್ತಿದ್ದರು. ಪಟ್ಟಣವೆಂದು ಘೋಷಣೆಯಾದ ಮೇಲೆ ಗ್ರಾಮೀಣರಿಗೆ ಮೀಸಲಾದ ಆ ಯೋಜನೆ ಕಾನೂನಿನ ಪ್ರಕಾರವೇ ಇಲ್ಲವಾಗುತ್ತದೆ. ಮನೆಯ ತೆರಿಗೆ ಪಂಚಾಯತ್ ಕಾಯ್ದೆಯಿಂದ ಪುರಸಭೆಗಳ ಕಾಯ್ದೆಗೆ ಜಿಗಿಯುತ್ತದೆ. ತೋಟಕ್ಕೆ ತೆರಿಗೆ ಹಾಕುವಂತಿಲ್ಲ. ಪೇಟೆಯ ನಾಲ್ಕು ಬೀದಿಯ ಕಟ್ಟಡಗಳ ಆದಾಯದಲ್ಲಿ ಗುಡ್ಡದಾಚೆಯ ಮನೆಗೂ ನೀರು, ದೀಪ, ಕಸದ ಗಾಡಿ ತಲುಪಿಸಬೇಕು. ಅಂದರೆ ಒಂದೇ ಅಧಿಸೂಚನೆಯಿಂದ ಊರಿನ ಅಗತ್ಯ ಏರಿತು, ಒಂದು ಬಗೆಯ ವರ್ಗಾವಣೆ ನಿಂತಿತು, ಸ್ವಂತ ಶಕ್ತಿ ಮಾತ್ರ ಹೆಚ್ಚು ಕಡಿಮೆ ಇದ್ದಲ್ಲೇ ಇದೆ. ಅಂತರ ಅಗಲವಾದದ್ದು ಕಡಬದ ಜನ ಸೋಮಾರಿಗಳಾದದ್ದರಿಂದಲ್ಲ. ಮೇಲಾಗಿ 2025ರ ತನಕ ಅಲ್ಲಿ ಚುನಾಯಿತ ಮಂಡಳಿಯೇ ಇರಲಿಲ್ಲ, ಆಡಳಿತಾಧಿಕಾರಿಯ ಕೈಯಲ್ಲಿತ್ತು. ತೆರಿಗೆ ಯಾಕೆ ಇಷ್ಟು ಎಂದು ಕೇಳಲು ಜನರಿಗೆ ಸದಸ್ಯನೇ ಇಲ್ಲದ ಕಾಲವದು.

ಈಗ ಅಲ್ಲಿ 13 ವಾರ್ಡುಗಳ ಮಂಡಳಿ ಇದೆ. ಅವರ ಬಜೆಟ್ ಸಭೆಗೂ ಯಾರಾದರೂ ಬಂದು ಸ್ವಂತ ಆದಾಯ ಹೆಚ್ಚಿಸಿಕೊಳ್ಳಿ ಎನ್ನುತ್ತಾರೆ. ಆಗ ಸದಸ್ಯರು ತಲೆಯಾಡಿಸುವ ಮೊದಲು ಎರಡು ಹಾಳೆ ಮುಂದಿಡಬೇಕು. ಒಂದರಲ್ಲಿ ಊರಿನ ಪ್ರತಿ ಕಟ್ಟಡ, ಅದರ ಅಳತೆ, ಬಳಕೆ, ಬರಬೇಕಾದ ತೆರಿಗೆ, ಬಂದ ತೆರಿಗೆ. ಅದನ್ನು ಪಂಚಾಯಿತಿಯ ಗೋಡೆಗೆ ಅಂಟಿಸಬೇಕು, ಸದಸ್ಯರ ಸ್ವಂತ ಕಟ್ಟಡಗಳಿಂದಲೇ ಶುರು ಮಾಡಿ. ಇನ್ನೊಂದರಲ್ಲಿ, ಪಟ್ಟಣವಾಗುವ ಮೊದಲು ಕಡಬಕ್ಕೆ ಯಾವ ಯಾವ ಬಾಬಿನಲ್ಲಿ ಎಷ್ಟು ಬರುತ್ತಿತ್ತು, ಈಗ ಎಷ್ಟು ಬರುತ್ತಿದೆ, ಅದರಲ್ಲಿ ಎಷ್ಟು ಸಂಬಳಕ್ಕೂ ಮೆಸ್ಕಾಂಗೂ ದಾಟಿ ಹೋಗುತ್ತಿದೆ, ಊರಿನ ನೌಕರರು ಕಟ್ಟುತ್ತಿರುವ ವೃತ್ತಿ ತೆರಿಗೆ ಎಷ್ಟು ಎಂಬ ಲೆಕ್ಕ. ಈ ಕೊನೆಯ ಅಂಕಿ ಪಂಚಾಯಿತಿಯ ಬಳಿ ಇರುವುದಿಲ್ಲ. ವಾಣಿಜ್ಯ ತೆರಿಗೆ ಇಲಾಖೆಗೆ ಪತ್ರ ಬರೆದು ಕೇಳಬೇಕಾಗುತ್ತದೆ.